ಒಂದೂರಿಗೆ ಎಷ್ಟು ಗದ್ದೆ?

ಭತ್ತ ಕೊಯ್ಲಿಗೆ ಬಂದ ಗದ್ದೆಯೊಂದರ ನೈರುತ್ಯ ಮೂಲೆ. ಕೈಯಲ್ಲೊಂದು ಪಟ್ಟಿ ಹಿಡಿದ ಸರ್ಕಾರಿ ನೌಕರರು ಅಲ್ಲಿಂದ ಹೆಜ್ಜೆ ಎಣಿಸುತ್ತಾ ಉದ್ದಕ್ಕೆ ಇಷ್ಟು, ಅಗಲಕ್ಕೆ ಇಷ್ಟು ಎಂದು ಒಳಗೆ ನಡೆಯುತ್ತಾರೆ. ಎಷ್ಟು ಹೆಜ್ಜೆ ಎಂಬುದನ್ನು ಅವರು ಆರಿಸಿದ್ದಲ್ಲ, ಕಚೇರಿಯಿಂದ ಬಂದ ಯಾದೃಚ್ಛಿಕ ಸಂಖ್ಯೆ ಅದನ್ನು ಮೊದಲೇ ಹೇಳಿರುತ್ತದೆ. ನಿಂತ ಜಾಗದಲ್ಲಿ ಗೂಟ ಬಡಿದು, ಟೇಪು ಹಿಡಿದು, 5 ಮೀಟರ್ ಉದ್ದ 5 ಮೀಟರ್ ಅಗಲದ ಚೌಕಕ್ಕೆ ಹಗ್ಗ ಕಟ್ಟುತ್ತಾರೆ. ಚೌಕ ಸೊಟ್ಟಗಾಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ. ಅದು 7.07 ಮೀಟರ್ ಬರಬೇಕು. ಆಮೇಲೆ ಹಗ್ಗದೊಳಗಿನ ಪೈರನ್ನಷ್ಟೇ ಕೊಯ್ದು, ಬಡಿದು, ತೂರಿ, ಕಾಳನ್ನು ತೂಗುತ್ತಾರೆ. ಚೌಕ 25 ಚದರ ಮೀಟರ್. ಒಂದು ಹೆಕ್ಟೇರಿಗೆ ಇಂಥ 400 ಚೌಕ. ತಕ್ಕಡಿ 10 ಕಿಲೋ ತೋರಿಸಿದರೆ ಹೆಕ್ಟೇರಿಗೆ 4,000 ಕಿಲೋ ಇಳುವರಿ ಎಂದಾಯಿತು. ಹಸಿ ಕಾಳಿನ ತೇವದ ಲೆಕ್ಕ ಬೇರೆಯೇ ಇದೆ, ಅದಿಲ್ಲಿ ಬೇಡ.

ಇದೇ ಬೆಳೆ ಕಟಾವು ಪ್ರಯೋಗ. ತಾಲ್ಲೂಕಿನ ಭತ್ತದ ಇಳುವರಿ ಹೆಕ್ಟೇರಿಗೆ ಇಷ್ಟು ಎಂದು ಪತ್ರಿಕೆಯಲ್ಲಿ ಓದುವ ಅಂಕಿಯ ಹಿಂದೆ ಇಂಥ ಕೆಲವು ಡಜನ್ ಚೌಕಗಳಿರುತ್ತವೆ, ಅಷ್ಟೇ. ತಾಲ್ಲೂಕಿನ ಸಾವಿರಾರು ಗದ್ದೆಗಳ ಪಟ್ಟಿ ಮುಂದಿಟ್ಟುಕೊಂಡು ನೇರವಾಗಿ ಚೀಟಿ ಎತ್ತುವುದಿಲ್ಲ. ಮೊದಲು ಊರುಗಳನ್ನು ಚೀಟಿ ಎತ್ತಿ ಆರಿಸಿ, ಬಳಿಕ ಆರಿಸಿದ ಊರಿನೊಳಗೆ ಗದ್ದೆಗಳನ್ನು ಆರಿಸುತ್ತಾರೆ. ಇದಕ್ಕೆ ಎರಡು ಹಂತದ ಮಾದರಿ ಎಂದು ಹೆಸರಿಟ್ಟವರು ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಕಟ್ಟಿದ ಪಿ.ಸಿ. ಮಹಾಲನೋಬಿಸ್. 1940ರ ದಶಕದಲ್ಲಿ ಇದನ್ನು ದೇಶದ ಬೆಳೆ ಅಂದಾಜಿನ ಪದ್ಧತಿಯಾಗಿ ಬೆಳೆಸಿದವರಲ್ಲಿ ಕೃಷಿ ಸಂಶೋಧನಾ ಪರಿಷತ್ತಿನ ಪಿ.ವಿ. ಸುಖಾತ್ಮೆ ಪ್ರಮುಖರು. ಅಂದಿನಿಂದ ನಡೆದುಬಂದ ರೂಢಿ ಎಂದರೆ ಒಂದು ಊರು, ಒಂದು ಬೆಳೆ, ಎರಡು ಪ್ರಯೋಗ.

ಯಾಕೆ ಎರಡೇ? ಅಷ್ಟು ದೂರ ಜೀಪು ಮಾಡಿಕೊಂಡು ಹೋದ ಮೇಲೆ ಹತ್ತು ಚೌಕ ಕೊಯ್ದೇ ಬರಬಾರದೇ? ಸರ್ಕಾರಿ ಸೋಮಾರಿತನ ಎಂದು ಯಾರಿಗಾದರೂ ಅನ್ನಿಸಬಹುದು. ಅಲ್ಲ, ಅದರ ಹಿಂದೆ ಒಂದು ಲೆಕ್ಕವಿದೆ. ಕಾಗದ ಪೆನ್ಸಿಲ್ ಹಿಡಿದು ಕೂತರೆ ಯಾರೂ ಮಾಡಬಹುದಾದ ಲೆಕ್ಕ.

ಅನುಕೂಲಕ್ಕೆ ಒಂದು ಕಾಲ್ಪನಿಕ ತಾಲ್ಲೂಕು ಇಟ್ಟುಕೊಳ್ಳೋಣ. ಅದರಲ್ಲಿ 200 ಊರು, ಪ್ರತಿ ಊರಿನಲ್ಲೂ ಸರಿಯಾಗಿ 50 ಭತ್ತದ ಗದ್ದೆ. ಎಲ್ಲ ಊರೂ ಸಮ ಎಂಬುದು ನಿಜ ಜೀವನದಲ್ಲಿ ಇಲ್ಲದ್ದು, ಆದರೆ ಲೆಕ್ಕದ ತಿರುಳು ಹಾಗಿಟ್ಟುಕೊಂಡಾಗಲೇ ನಿಚ್ಚಳವಾಗಿ ಕಾಣುತ್ತದೆ. ಚೌಕವೊಂದಕ್ಕೆ ತಾಲ್ಲೂಕಿನ ನಿಜವಾದ ಸರಾಸರಿ 10 ಕಿಲೋ. ಇಲ್ಲಿ ಎರಡು ಬಗೆಯ ಏರುಪೇರು ಇದೆ. ಒಂದು, ಊರಿನಿಂದ ಊರಿಗೆ. ನಾಲೆಯ ತಲೆಗಿರುವ ಊರಿಗೂ ಕೊನೆಗಿರುವ ಊರಿಗೂ ನೀರು ಒಂದೇ ಸಮ ಬರುವುದಿಲ್ಲ, ಮಣ್ಣು ಬೇರೆ, ನಾಟಿಯ ವಾರ ಬೇರೆ. ಇನ್ನೊಂದು, ಒಂದೇ ಊರಿನೊಳಗೆ ಗದ್ದೆಯಿಂದ ಗದ್ದೆಗೆ. ಒಬ್ಬರು ಗೊಬ್ಬರ ಹಾಕಿರುತ್ತಾರೆ, ಪಕ್ಕದವರ ಗದ್ದೆಗೆ ಬೆಂಕಿರೋಗ ಬಂದಿರುತ್ತದೆ.

ಏರುಪೇರನ್ನು ಅಂಕಿಯಲ್ಲಿ ಹಿಡಿಯಲು ಸಂಖ್ಯಾಶಾಸ್ತ್ರದವರು ವೇರಿಯನ್ಸ್ ಬಳಸುತ್ತಾರೆ: ಪ್ರತಿಯೊಂದು ಅಂಕಿ ಸರಾಸರಿಯಿಂದ ಎಷ್ಟು ದೂರವಿದೆ ನೋಡಿ, ಆ ದೂರಗಳನ್ನು ವರ್ಗ ಮಾಡಿ, ವರ್ಗಗಳ ಸರಾಸರಿ ತೆಗೆಯುವುದು. ನಮ್ಮ ತಾಲ್ಲೂಕಿನಲ್ಲಿ ಊರುಗಳ ಸರಾಸರಿಗಳ ನಡುವಿನ ವೇರಿಯನ್ಸ್ 2.08, ಒಂದೂರಿನೊಳಗೆ ಗದ್ದೆಗಳ ನಡುವಿನ ವೇರಿಯನ್ಸ್ 4 ಎಂದುಕೊಳ್ಳಿ. ಮೊದಲನೆಯದಕ್ಕೆ S1², ಎರಡನೆಯದಕ್ಕೆ S2² ಎಂಬ ಗುರುತು. ಗಮನಿಸಿ, ಊರೊಳಗಿನ ಏರುಪೇರೇ ಇಲ್ಲಿ ದೊಡ್ಡದು. ಹಾಗಿದ್ದ ಮೇಲೆ ಊರೊಳಗೇ ಹೆಚ್ಚು ಗದ್ದೆ ಅಳೆಯಬೇಕಲ್ಲವೇ ಎಂದು ಮನಸ್ಸು ಹೇಳುತ್ತದೆ. ಮನಸ್ಸು ಎಡವುವುದು ಇಲ್ಲೇ.

N ಊರುಗಳಲ್ಲಿ n ಊರು, ಪ್ರತಿ ಊರಿನ M ಗದ್ದೆಗಳಲ್ಲಿ m ಗದ್ದೆ ಆರಿಸಿ ಸರಾಸರಿ ತೆಗೆದರೆ, ಆ ಸರಾಸರಿಯ ವೇರಿಯನ್ಸ್ ಹೀಗೆ ಬರುತ್ತದೆ:

V = (1 − n/N) × S1²/n + (1 − m/M) × S2²/(n × m)

ನೋಡಲು ಉದ್ದ, ಅರ್ಥ ಸರಳ. ಮೊದಲ ತುಂಡು ಎಲ್ಲ ಊರಿಗೂ ಹೋಗದೆ ಕೆಲವಕ್ಕೆ ಮಾತ್ರ ಹೋದದ್ದರಿಂದ ಬರುವ ದೋಷ. ಎರಡನೆಯದು, ಹೋದ ಊರಿನಲ್ಲೂ ಎಲ್ಲ ಗದ್ದೆ ಅಳೆಯದ್ದರಿಂದ ಬರುವ ದೋಷ. ಆವರಣದೊಳಗಿನ ಅಂಶಗಳು ಪೂರ್ತಿ ಎಣಿಸಿದಾಗ ದೋಷವನ್ನು ಸೊನ್ನೆ ಮಾಡುತ್ತವೆ: 200 ಊರಿಗೂ ಹೋದರೆ ಮೊದಲ ತುಂಡು ಮಾಯ, 50 ಗದ್ದೆಯನ್ನೂ ಕೊಯ್ದರೆ ಎರಡನೆಯದು ಮಾಯ. ಮುಖ್ಯವಾಗಿ ನೋಡಬೇಕಾದ್ದು ಮೊದಲ ತುಂಡಿನಲ್ಲಿ m ಎಲ್ಲಿಯೂ ಇಲ್ಲ ಎಂಬುದನ್ನು. ಊರೊಳಗೆ ಎಷ್ಟು ಗದ್ದೆ ಅಳೆದರೂ ಅದು ಅಲ್ಲಾಡುವುದಿಲ್ಲ.

ಈಗ 60 ಚೌಕ ಕೊಯ್ಯುವಷ್ಟು ಜನ ಇದ್ದಾರೆ ಎನ್ನೋಣ. 6 ಊರಿನಲ್ಲಿ ಹತ್ತು ಹತ್ತು ಕೊಯ್ದರೆ ಮೊದಲ ತುಂಡು 0.336, ಎರಡನೆಯದು 0.053, ಒಟ್ಟು 0.390. ಇದರ ವರ್ಗಮೂಲವೇ ಮಾನಕ ದೋಷ: ಚೌಕಕ್ಕೆ 0.62 ಕಿಲೋ, ಹೆಕ್ಟೇರಿಗೆ ಸುಮಾರು 250 ಕಿಲೋ. ಅದೇ 60 ಚೌಕವನ್ನು 30 ಊರಿನಲ್ಲಿ ಎರಡೆರಡರಂತೆ ಹಂಚಿದರೆ ಒಟ್ಟು ವೇರಿಯನ್ಸ್ 0.123ಕ್ಕೆ ಇಳಿದು, ಮಾನಕ ದೋಷ ಹೆಕ್ಟೇರಿಗೆ 140 ಕಿಲೋ ಆಗುತ್ತದೆ. 60 ಊರಿನಲ್ಲಿ ಒಂದೊಂದೇ ಕೊಯ್ದರೆ 120 ಕಿಲೋ. ಕೊಯ್ಯುವ ಕೆಲಸ ಮೂರರಲ್ಲೂ ಒಂದೇ.

ಆ ಆರು ಊರುಗಳಲ್ಲೇ ಛಲ ಬಿಡದೆ ಒಂದು ಗದ್ದೆಯನ್ನೂ ಬಿಡದಂತೆ ಐವತ್ತಕ್ಕೆ ಐವತ್ತೂ ಕೊಯ್ದರೆ? ಒಟ್ಟು 300 ಚೌಕ. ಎರಡನೆಯ ತುಂಡು ಸೊನ್ನೆಯಾಗುತ್ತದೆ, ಮೊದಲನೆಯದು 0.336 ಹಾಗೆಯೇ ಕುಳಿತಿರುತ್ತದೆ. ಮಾನಕ ದೋಷ ಹೆಕ್ಟೇರಿಗೆ 232 ಕಿಲೋ. ಅಂದರೆ ಆರು ಊರಿನ 300 ಚೌಕಗಳು ಹೇಳುವುದಕ್ಕಿಂತ ಮೂವತ್ತು ಊರಿನ 60 ಚೌಕಗಳು ತಾಲ್ಲೂಕಿನ ಬಗ್ಗೆ ಹೆಚ್ಚು ಹೇಳುತ್ತವೆ. ಐದು ಪಟ್ಟು ದುಡಿದು ಕಡಿಮೆ ತಿಳಿದುಕೊಂಡಂತಾಯಿತು. ಆ ಆರು ಊರುಗಳ ಬಗ್ಗೆ ಮಾತ್ರ ನಿಮಗೆ ಎಲ್ಲವೂ ಗೊತ್ತು, ಆದರೆ ಪ್ರಶ್ನೆ ಇದ್ದದ್ದು ಆರು ಊರುಗಳ ಬಗ್ಗೆ ಅಲ್ಲ.

ಹಾಗಾದರೆ ಊರಿಗೆ ಒಂದೇ ಗದ್ದೆ ಸಾಕಲ್ಲ, ಎರಡಾದರೂ ಏಕೆ? ಚೌಕಗಳನ್ನಷ್ಟೇ ಎಣಿಸಿದರೆ ಒಂದೇ ಸರಿ. ಆದರೆ ಖರ್ಚು ಚೌಕಕ್ಕೆ ಮಾತ್ರ ಅಲ್ಲ, ಊರಿಗೂ ಇದೆ. ಊರಿಗೆ ಹೋಗಿಬರುವ ವಾಹನ, ಪಹಣಿ ನೋಡಿ ಸರ್ವೆ ನಂಬರು ಗುರುತಿಸುವುದು, ರೈತರನ್ನು ಹುಡುಕಿ ಕೊಯ್ಲಿನ ದಿನ ಗೊತ್ತುಮಾಡಿಕೊಳ್ಳುವುದು, ಇವೆಲ್ಲ ಊರಿಗೊಮ್ಮೆ ಮಾಡುವ ಕೆಲಸ. ಈ ಕೊನೆಯದು ಸಣ್ಣದಲ್ಲ. ಹೇಳಿದ ದಿನಕ್ಕಿಂತ ಮೊದಲೇ ಕಟಾವು ಯಂತ್ರ ಬಂದು ಗದ್ದೆ ಬೋಳಾಗಿದ್ದರೆ ಹೋದ ದಾರಿಯಲ್ಲೇ ವಾಪಸು. ಇನ್ನು ಆಳು, ಬಡಿಯುವುದು, ತೂಗುವುದು ಚೌಕ ಚೌಕಕ್ಕೂ ಬೇರೆ. ಊರಿನ ಖರ್ಚು 1,600 ರೂಪಾಯಿ, ಚೌಕದ ಖರ್ಚು 400 ರೂಪಾಯಿ ಎಂದಿಟ್ಟುಕೊಳ್ಳೋಣ.

ಈಗ ಎಳೆದಾಟ ಶುರು. ಊರು ಹೆಚ್ಚಿಸಿದರೆ ದೋಷ ತಗ್ಗುತ್ತದೆ, ಆದರೆ ಊರು ದುಬಾರಿ. ಗದ್ದೆ ಅಗ್ಗ, ಆದರೆ ಅದರಿಂದ ದೋಷ ಅಷ್ಟು ತಗ್ಗುವುದಿಲ್ಲ. ಎರಡಕ್ಕೂ ಹೊಂದುವ m ಎಷ್ಟೆಂದು ಈ ಸೂತ್ರ ಹೇಳುತ್ತದೆ:

m = √(c1/c2) × √(S2² / (S1² − S2²/M))

c1 ಊರಿನ ಖರ್ಚು, c2 ಚೌಕದ ಖರ್ಚು. ಛೇದದಲ್ಲಿ S2²/M ಕಳೆದದ್ದು ಏಕೆ ಎಂದರೆ, ಊರುಗಳಲ್ಲಿ ಮಣ್ಣು ನೀರಿನ ವ್ಯತ್ಯಾಸ ಏನೇನೂ ಇಲ್ಲದೆ ತಾಲ್ಲೂಕಿನ ಗದ್ದೆಗಳನ್ನೆಲ್ಲ ಕಲಸಿ ಊರಿಗೆ ಐವತ್ತರಂತೆ ಹಂಚಿದ್ದರೂ ಊರುಗಳ ಸರಾಸರಿ ಅಕಸ್ಮಾತ್ತಾಗಿ ಒಂದಿಷ್ಟು ಹೆಚ್ಚು ಕಡಿಮೆ ಇರುತ್ತಿತ್ತು. ಆ ಅಕಸ್ಮಾತ್ತಿನ ಪಾಲು 4/50, ಅಂದರೆ 0.08. ಅದನ್ನು 2.08ರಿಂದ ಕಳೆದರೆ ಉಳಿಯುವ 2 ಊರು ಎಂಬ ಕಾರಣಕ್ಕೇ ಬಂದ ನಿಜವಾದ ವ್ಯತ್ಯಾಸ. ಈಗ ಲೆಕ್ಕ ಹಾಕಿ: 1,600ನ್ನು 400ರಿಂದ ಭಾಗಿಸಿದರೆ 4, ವರ್ಗಮೂಲ 2. 4ನ್ನು 2ರಿಂದ ಭಾಗಿಸಿದರೆ 2, ವರ್ಗಮೂಲ 1.41. ಗುಣಿಸಿದರೆ 2.83. ಊರಿಗೆ ಮೂರು ಗದ್ದೆ.

ನಂಬಿಕೆ ಬಾರದಿದ್ದರೆ ಹಣ ಕೈಯಲ್ಲಿ ಹಿಡಿದು ನೋಡೋಣ. ಒಟ್ಟು 84,000 ರೂಪಾಯಿ ಇದೆ. ಊರಿಗೆ ಒಂದೇ ಚೌಕವಾದರೆ ಈ ಹಣಕ್ಕೆ 42 ಊರು ಸಿಗುತ್ತವೆ, ಮಾನಕ ದೋಷ ಹೆಕ್ಟೇರಿಗೆ 146 ಕಿಲೋ. ಎರಡಾದರೆ 35 ಊರು, 129 ಕಿಲೋ. ಮೂರಾದರೆ 30 ಊರು, 127 ಕಿಲೋ. ಆರಾದರೆ 21 ಊರು, 137 ಕಿಲೋ. ಹತ್ತಾದರೆ ಬರೀ 15 ಊರು, 155 ಕಿಲೋ.

ಈ ಸಾಲಿನಲ್ಲಿ ಸೂತ್ರಕ್ಕಿಂತ ಹೆಚ್ಚಿನ ಪಾಠವಿದೆ. ಎರಡಕ್ಕೂ ಮೂರಕ್ಕೂ ಇರುವ ವ್ಯತ್ಯಾಸ 2 ಕಿಲೋ! ಆರಕ್ಕೆ ಹೋದರೂ ಕಳೆದುಕೊಳ್ಳುವುದು ಹತ್ತೇ ಕಿಲೋ. ಅತ್ಯುತ್ತಮ ಎಂಬುದು ಚೂಪಾದ ತುದಿಯಲ್ಲ, ಅಗಲವಾದ ತಳ. ಹಾಗಾಗಿ S1², S2² ಗಳ ಅಂದಾಜು ಒಂದಿಷ್ಟು ತಪ್ಪಾದರೂ, ಡೀಸೆಲ್ ಬೆಲೆ ಏರಿ ಖರ್ಚಿನ ಅನುಪಾತ ಕದಲಿದರೂ ದೊಡ್ಡ ನಷ್ಟವಿಲ್ಲ. ಹಿಂದಿನ ವರ್ಷದ ಅಂಕಿಗಳಿಂದ ತೆಗೆದ ಒರಟು ಅಂದಾಜು ಸಾಕು. ಎರಡು ಎಂಬ ರೂಢಿ ಇಷ್ಟು ವರ್ಷ ಬಾಳಿದ್ದರಲ್ಲಿ ಇದರ ಪಾಲೂ ಇದೆ ಎಂದು ನನ್ನ ಅನಿಸಿಕೆ: ಎರಡು ಎಲ್ಲೆಡೆಯೂ ಅತ್ಯುತ್ತಮವಲ್ಲ, ಆದರೆ ಎಲ್ಲಿಯೂ ತೀರಾ ಕೆಟ್ಟದ್ದೂ ಅಲ್ಲ.

ಇನ್ನೊಂದು ಸಂಗತಿ ಸೂತ್ರದಲ್ಲಿ ಇಲ್ಲದಿರುವುದರಿಂದ ಗೊತ್ತಾಗುತ್ತದೆ. ಅದರಲ್ಲಿ ಒಟ್ಟು ಹಣದ ಸುಳಿವೇ ಇಲ್ಲ. ಅನುದಾನ ದುಪ್ಪಟ್ಟಾದರೂ ಊರಿಗೆ ಮೂರೇ ಗದ್ದೆ. ಹೆಚ್ಚಾದ ಹಣವೆಲ್ಲ ಹೊಸ ಊರುಗಳಿಗೆ ಹೋಗಬೇಕು. ಈ ವರ್ಷ ದುಡ್ಡು ಜಾಸ್ತಿ ಬಂದಿದೆ, ಪ್ರತಿ ಊರಿನಲ್ಲೂ ಇನ್ನೆರಡು ಕೊಯ್ಯಿರಿ ಎಂದು ಆದೇಶ ಬಂದರೆ ಅದು ಹಣ ಪೋಲು ಮಾಡುವ ಆದೇಶ. m ಬದಲಾಗಬೇಕಾದ್ದು ಅನುಪಾತಗಳು ಬದಲಾದಾಗ ಮಾತ್ರ. ಗುಡ್ಡಗಾಡಿನಲ್ಲಿ ಊರಿಂದೂರಿಗೆ ಹೋಗುವುದೇ ಒಂದು ದಿನದ ಕೆಲಸವಾದರೆ m ಏರುತ್ತದೆ. ಊರು ಊರಿಗೂ ಇಳುವರಿ ತೀರಾ ಬೇರೆಯಾಗಿದ್ದರೆ ಇಳಿಯುತ್ತದೆ. ಊರುಗಳ ನಡುವೆ ಅಕಸ್ಮಾತ್ತಿಗಿಂತ ಹೆಚ್ಚಿನ ವ್ಯತ್ಯಾಸವೇ ಇಲ್ಲದಿದ್ದರೆ ಛೇದ ಸೊನ್ನೆಯಾಗಿ, ಇಲ್ಲವೇ ಅದಕ್ಕೂ ಕೆಳಗಿಳಿದು, ಸೂತ್ರ ಕೈಚೆಲ್ಲುತ್ತದೆ. ಆಗ ಯಾವ ಊರಾದರೂ ಒಂದೇ, ಹೋದಲ್ಲೇ ಕೊಯ್ದಷ್ಟೂ ಲಾಭ. ಭತ್ತದಲ್ಲಿ ಅಂಥ ತಾಲ್ಲೂಕು ಸಿಗುವುದು ಕಷ್ಟ.

ಇಲ್ಲಿಯವರೆಗೆ ವೇರಿಯನ್ಸ್ ಮೊದಲೇ ಗೊತ್ತಿದೆ ಎಂದು ನಡೆದೆವು. ನಿಜದಲ್ಲಿ ಕೈಯಲ್ಲಿರುವುದು ಕೊಯ್ದು ತಂದ ಅಂಕಿಗಳಷ್ಟೇ. ಆಗ ಬಹಳ ಜನ ಒಂದು ಕಡೆ ಜಾರುತ್ತಾರೆ. 60 ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ, ಅವೆಲ್ಲ ಬಿಡಿಬಿಡಿಯಾಗಿ ಆರಿಸಿದವೋ ಎಂಬಂತೆ, ಒಟ್ಟು ವೇರಿಯನ್ಸನ್ನು 60ರಿಂದ ಭಾಗಿಸಿಬಿಡುತ್ತಾರೆ. 6 ಊರು, ಹತ್ತು ಹತ್ತು ಚೌಕದ ನಮ್ಮ ಉದಾಹರಣೆಯಲ್ಲಿ ಒಟ್ಟು ಏರುಪೇರು ಹತ್ತಿರ ಹತ್ತಿರ 6, ಭಾಗಿಸಿದರೆ 0.1. ನಿಜವಾದದ್ದು 0.39. ಮಾನಕ ದೋಷ ಇರುವುದರ ಅರ್ಧದಷ್ಟೇ ಎಂದು ವರದಿಯಾಗುತ್ತದೆ. ಒಂದೂರಿನ ಹತ್ತು ಗದ್ದೆಗಳು ಒಂದೇ ನಾಲೆಯ ನೀರು ಕುಡಿದವು, ಒಬ್ಬರ ಮಾತನ್ನೇ ಮತ್ತೊಬ್ಬರು ಹೇಳಿದಂತೆ ಅವುಗಳ ಸಾಕ್ಷ್ಯ. ಈ ತಾಲ್ಲೂಕಿನಲ್ಲಿ ಹಾಗೆ ಕೊಯ್ದ 60 ಚೌಕಗಳು ಬಿಡಿಬಿಡಿಯಾಗಿ ಆರಿಸಿದ ಹದಿನೈದಕ್ಕೆ ಸಮ.

ಸರಿಯಾದ ದಾರಿ ಆಶ್ಚರ್ಯವಾಗುವಷ್ಟು ಸುಲಭ. ಪ್ರತಿ ಊರಿನ ಹತ್ತು ಚೌಕಗಳ ಸರಾಸರಿ ತೆಗೆದು ಆರು ಅಂಕಿ ಮಾಡಿಕೊಳ್ಳಿ. ಉಳಿದ ಅಂಕಿಗಳನ್ನು ಪಕ್ಕಕ್ಕಿಡಿ. ಆ ಆರು ಸರಾಸರಿಗಳ ನಡುವಿನ ವೇರಿಯನ್ಸ್ ತೆಗೆದು 6ರಿಂದ ಭಾಗಿಸಿದರೆ ಉತ್ತರ ಬಹುಪಾಲು ಸಿಕ್ಕಂತೆಯೇ. ಊರೊಳಗಿನ ಏರುಪೇರನ್ನು ಬೇರೆಯಾಗಿ ಸೇರಿಸಬೇಡವೇ? ಅದು ಆಗಲೇ ಸೇರಿಹೋಗಿದೆ. ಹತ್ತೇ ಗದ್ದೆಗಳಿಂದ ತೆಗೆದ ಸರಾಸರಿ ಊರಿನ ನಿಜವಾದ ಸರಾಸರಿಯಿಂದ ಅತ್ತಿತ್ತ ಸರಿದಿರುತ್ತದಲ್ಲ, ಆ ಸರಿತವೂ ಆರು ಅಂಕಿಗಳ ಚದುರುವಿಕೆಯೊಳಗೇ ಇದೆ. ನಮ್ಮ ತಾಲ್ಲೂಕಿನಲ್ಲಿ ಹಾಗೆ ಸಿಗುವ ವೇರಿಯನ್ಸ್ 2.08ರ ಆಸುಪಾಸಿನಲ್ಲಿ ಇರುವುದಿಲ್ಲ, 2.4ರ ಆಸುಪಾಸಿನಲ್ಲಿ ಇರುತ್ತದೆ. ಹೆಚ್ಚಿನ ಭಾಗ ಊರೊಳಗಿನ ಗದ್ದೆಗಳ ಕೊಡುಗೆ. ಊರೊಳಗಿನ ಏರುಪೇರಿಗಾಗಿ ಪ್ರತ್ಯೇಕವಾಗಿ ಸೇರಿಸಬೇಕಾದ ತುಂಡು ಇಲ್ಲಿ 0.0016. ಅದನ್ನು ಬಿಟ್ಟರೂ ಯಾರೂ ಕೇಳುವುದಿಲ್ಲ.

ಊರಿಗೆ ಒಂದರ ಬದಲು ಎರಡು ಚೌಕ ಕೊಯ್ಯುವುದರ ಇನ್ನೊಂದು ಉಪಯೋಗ ಇಲ್ಲೇ ಕಾಣುತ್ತದೆ. ಒಂದೇ ಕೊಯ್ದರೆ ಊರಿನ ವ್ಯತ್ಯಾಸ ಯಾವುದು, ಗದ್ದೆಯ ವ್ಯತ್ಯಾಸ ಯಾವುದು ಎಂದು ಬಿಡಿಸಲು ದಾರಿಯೇ ಇಲ್ಲ. ಬಿಡಿಸಲಾಗದಿದ್ದರೆ ಮುಂದಿನ ವರ್ಷ ಊರಿಗೆ ಎಷ್ಟು ಗದ್ದೆ ಎಂಬ ಲೆಕ್ಕವನ್ನೂ ಹಾಕಲಾಗದು.

ಎಲ್ಲ ಊರೂ ಸಮ ಎಂಬ ಊಹೆಯ ಸಾಲ ತೀರಿಸಬೇಕು. ನಿಜವಾದ ತಾಲ್ಲೂಕಿನಲ್ಲಿ ಒಂದೂರಿಗೆ 20 ಗದ್ದೆ, ಇನ್ನೊಂದಕ್ಕೆ 400 ಇರಬಹುದು. ಆಗ ಊರಿನ ಸರಾಸರಿಗಳನ್ನು ಹಾಗೇ ಕೂಡಿ ಭಾಗಿಸಿದರೆ ಸಣ್ಣ ಊರಿನ ಮಾತಿಗೆ ಅತಿ ತೂಕ ಬರುತ್ತದೆ. ಅದಕ್ಕೆ ಬೆಳೆಯ ವಿಸ್ತೀರ್ಣದ ತೂಕ ಕೊಟ್ಟು ಸರಾಸರಿ ತೆಗೆಯುವುದು ಒಂದು ಪರಿಹಾರ, ದೊಡ್ಡ ಊರಿಗೆ ಆಯ್ಕೆಯ ಅವಕಾಶವನ್ನೇ ಹೆಚ್ಚಿಸುವುದು ಇನ್ನೊಂದು. ಸೂತ್ರ ಉದ್ದವಾಗುತ್ತದೆ, ಆದರೆ ಊರೊಳಗೆ ಕಡಿಮೆ, ಊರುಗಳು ಹೆಚ್ಚು ಎಂಬ ದಿಕ್ಕು ಬದಲಾಗುವುದಿಲ್ಲ. ಇನ್ನು ರಸ್ತೆ ಬದಿಯ ಗದ್ದೆಯಲ್ಲೇ ಹಗ್ಗ ಕಟ್ಟುವುದು, ಅಂಚಿನ ತೆಂಡೆಗಳನ್ನು ಚೌಕದೊಳಗೆ ಎಳೆದುಕೊಳ್ಳುವುದು, ಇಂಥವನ್ನು ಯಾವ ವೇರಿಯನ್ಸೂ ತೋರಿಸದು. ಚೌಕ ಚಿಕ್ಕದಾದಷ್ಟೂ ಅಂಚಿನ ಈ ತಪ್ಪಿನಿಂದ ಇಳುವರಿ ಉಬ್ಬುತ್ತದೆ ಎಂದು ಸುಖಾತ್ಮೆ ಅವರು ಪ್ರಯೋಗ ಮಾಡಿಯೇ ತೋರಿಸಿದ್ದರು.

ಈಗ ಬೆಳೆ ವಿಮೆಯ ಕಡೆ ತಿರುಗಿದರೆ ಇದೇ ಲೆಕ್ಕ ಬೇರೆ ಮುಖ ತೋರಿಸುತ್ತದೆ. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಪ್ರಮುಖ ಬೆಳೆಗಳಿಗೆ ವಿಮಾ ಘಟಕ ತಾಲ್ಲೂಕಲ್ಲ, ಗ್ರಾಮ ಪಂಚಾಯಿತಿ. ಅಲ್ಲಿ ನಿಗದಿಯಾದ ಕನಿಷ್ಠ ಪ್ರಯೋಗಗಳು 4. ಆ ನಾಲ್ಕರ ಸರಾಸರಿ ಹಿಂದಿನ ವರ್ಷಗಳಿಂದ ತೆಗೆದ ಮಿತಿ ಇಳುವರಿಗಿಂತ ಎಷ್ಟು ಕೆಳಗಿದೆಯೋ ಆ ಪ್ರಮಾಣದಲ್ಲಿ ಪಂಚಾಯಿತಿಯ ವಿಮೆ ಮಾಡಿಸಿದ ರೈತರೆಲ್ಲರಿಗೂ ಪರಿಹಾರ. ತಾಲ್ಲೂಕಿನ ಸರಾಸರಿಗಾದರೆ ಒಂದು ಜಾಗದಲ್ಲಿ ನಾಲ್ಕು ಚೌಕ ಧಾರಾಳವೇ ಆಯಿತು. ಪಂಚಾಯಿತಿಯ ಸರಾಸರಿಗೆ ಮಾತ್ರ ಬೇರೆ ಊರುಗಳ ಆಸರೆ ಇಲ್ಲ, ಇರುವುದೇ ನಾಲ್ಕು ಅಂಕಿ. ನಮ್ಮ ಕಾಲ್ಪನಿಕ ಊರನ್ನೇ ಪಂಚಾಯಿತಿ ಎಂದುಕೊಂಡು ಲೆಕ್ಕ ಹಾಕಿದರೆ ಮಾನಕ ದೋಷ ಹೆಕ್ಟೇರಿಗೆ 384 ಕಿಲೋ. ಮಿತಿ ಇಳುವರಿ 4,000 ಇದ್ದು ನಿಜವಾದ ಇಳುವರಿಯೂ 4,000 ಇದ್ದ ಪಂಚಾಯಿತಿಗೆ ಬರೀ ಚೀಟಿಯ ಅದೃಷ್ಟದಿಂದ 3,616 ಎಂದು ಬಂದು ಶೇಕಡ 9.6 ಪರಿಹಾರ ಸಿಗಬಹುದು. ಅಷ್ಟೇ ಬೆಳೆ ನಷ್ಟವಾದ ಪಕ್ಕದ ಪಂಚಾಯಿತಿಗೆ ನಾಲ್ಕು ಒಳ್ಳೆಯ ಗದ್ದೆ ಬಿದ್ದು ಒಂದು ಕಾಸೂ ಸಿಗದಿರಬಹುದು. ಯಾರೂ ಮೋಸ ಮಾಡಿರಬೇಕಾಗಿಲ್ಲ. ಈ ದೋಷವನ್ನು ಅರ್ಧಕ್ಕೆ ಇಳಿಸಲು ಐವತ್ತು ಗದ್ದೆಯ ಆ ಊರಿನಲ್ಲಿ ಸುಮಾರು 13 ಚೌಕ ಕೊಯ್ಯಬೇಕಾಗುತ್ತದೆ.

ಅಷ್ಟು ಕೊಯ್ಯಲು ಜನವಿಲ್ಲ ಎಂಬುದು ಗೊತ್ತು. ಆದರೆ ಇಳುವರಿಯ ಅಂಕಿಯ ಪಕ್ಕದಲ್ಲಿ ಅದರ ಮಾನಕ ದೋಷವನ್ನೂ ಅಚ್ಚು ಹಾಕಲು ಹೊಸ ಜನ ಬೇಕಿಲ್ಲ, ಬೇಕಾದ ತೂಕಗಳೆಲ್ಲ ಆಗಲೇ ದಾಖಲಾಗಿರುತ್ತವೆ. ಇಲಾಖೆ ಅದನ್ನು ಪ್ರಕಟಿಸಬೇಕು, ವಿಮೆ ಕಟ್ಟುವ ರೈತರು ಗ್ರಾಮಸಭೆಯಲ್ಲಿ ಅದನ್ನು ಕೇಳಬೇಕು.